ತಲೆಕೆಳಗಾದ ಹೃದಯ
ಸರಸ್ವತಿಪುರಂನ ನಮ್ಮ ಪಕ್ಕದ ಮನೆಯ ಹುಡುಗಿ ಪುಸ್ತಕದಿಂದ ಫೋಟೊ ತೆಗೆದು ಕಳಿಸಿದ ಹೃದಯದ ಚಿತ್ರ ನನ್ನ ಮೊಬೈಲಿಗೆ ತಲೆಕೆಳಗಾಗಿ ಬಂತು. ಭಾಗಗಳಿಗೆ ಅಂಕಿ ಹಾಕಿದ್ದರು. ನಾನು 6 ಎಂದು ಓದಿದ್ದು 9 ಆಗಿತ್ತು. ಮಹಾಪಧಮನಿ ಕೆಳಗೆ ಜೋತುಬಿದ್ದದ್ದನ್ನು ಕಂಡಾಗಲೇ ತಪ್ಪು ಹೊಳೆದದ್ದು. ಹುಡುಗಿಯನ್ನು ದೂರುವಂತಿಲ್ಲ. ಫೋನು ತನ್ನ ಮೇಲು ಕೆಳಗನ್ನು ಗುರುತ್ವದ ಎಳೆತದಿಂದ ಅರಿಯುತ್ತದೆ. ಮೇಜಿನ ಮೇಲಿನ ಹಾಳೆಗೆ ಸಮನಾಗಿ ಹಿಡಿದರೆ ಎಳೆತವೆಲ್ಲ ಫೋನಿನ ಬೆನ್ನಿನತ್ತ. ಯಾವ ಅಂಚು ಮೇಲೆಂದು ಅದಕ್ಕೆ ತಿಳಿಯದೆ ಹಿಂದಿನ ನಿಲುವನ್ನೇ ಉಳಿಸಿಕೊಳ್ಳುತ್ತದೆ. "ಮೊದಲು ಫೋನನ್ನು ನೆಟ್ಟಗೆ ಹಿಡಿ ಪುಟ್ಟಿ, ಪರದೆಯ ಚಿಹ್ನೆಗಳು ನೇರವಾದ ಮೇಲೆ ನಿಧಾನವಾಗಿ ಹಾಳೆಯತ್ತ ಬಾಗಿಸು" ಎಂದೆ. ಎರಡನೆಯ ಫೋಟೊ ನೇರವಾಗಿ ಬಂತು. 6 ಮತ್ತು 9ರ ಕೆಳಗೆ ಅವಳು ಪೆನ್ಸಿಲಿನಲ್ಲಿ ಪುಟ್ಟ ಗೆರೆಯನ್ನೂ ಎಳೆದಿದ್ದಳು.