ಬಾಡಿಗೆ–ಬಡ್ಡಿ ಘೋಷಣಾ ಪತ್ರ: ಸಹಿಗೆ ಮುನ್ನ ಕೇಳಬೇಕಾದ ಪ್ರಶ್ನೆ

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯಾಗಲಿ, ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯಾಗಲಿ, ಆರ್ಥಿಕ ವರ್ಷದ ಆರಂಭದಲ್ಲಿ ನೌಕರರಿಂದ ಒಂದು ಪತ್ರ ಬರುವುದು ವಾಡಿಕೆ. ತಾನು ಇಷ್ಟು ಬಾಡಿಗೆ ಕಟ್ಟುತ್ತಿದ್ದೇನೆ, ಗೃಹಸಾಲಕ್ಕೆ ಇಷ್ಟು ಬಡ್ಡಿ ತೆರುತ್ತಿದ್ದೇನೆ, ಆದುದರಿಂದ ತಿಂಗಳ ವೇತನದಲ್ಲಿ ತೆರಿಗೆ ಕಡಿತವನ್ನು ಇಳಿಸಬೇಕು ಎಂಬುದು ಅದರ ಸಾರ. 2016ರ ಜೂನ್‌ನಲ್ಲಿ ಇದಕ್ಕೆ 12ಬಿಬಿ ಎಂಬ ನಿಗದಿತ ನಮೂನೆಯೇ ಬಂದಿತು. ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲು ಪ್ರತ್ಯೇಕ ವಿಭಾಗವಿರುತ್ತದೆ. ಸಣ್ಣ ಉದ್ಯಮಗಳಲ್ಲಿ ಲೆಕ್ಕಿಗರು ಪತ್ರವನ್ನು ಕಡತಕ್ಕೆ ಸೇರಿಸಿ, ಕೇಳಿದಷ್ಟು ಕಡಿತ ಇಳಿಸಿಬಿಡುವುದುಂಟು. ಈ ಕ್ರಮ ಈಗ ಸಲ್ಲದು.

2023-24ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಪದ್ಧತಿಯಾಗಿದೆ. ಅದರಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ, ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಕಳೆತವೂ ಇಲ್ಲ. ನೌಕರನು ಯಾವ ಪದ್ಧತಿಯನ್ನು ಆರಿಸುತ್ತಾನೆಂದು ಉದ್ಯೋಗದಾತನು ಕೇಳಬೇಕು, ಉತ್ತರ ಬಾರದಿದ್ದರೆ ಹೊಸ ಪದ್ಧತಿಯಂತೆ ಕಡಿತ ಮಾಡಬೇಕು ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2023ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು. ಹಳೆಯ ಪದ್ಧತಿಯ ಆಯ್ಕೆಯನ್ನು ತಿಳಿಸದ ಘೋಷಣಾ ಪತ್ರಕ್ಕೆ ಹೀಗಾಗಿ ಬೆಲೆಯಿಲ್ಲ.

ಆಯ್ಕೆಯನ್ನು ತಿಳಿಸಿದರೂ ಲಾಭ ಖಚಿತವಲ್ಲ. 2025-26ನೇ ಸಾಲಿನಲ್ಲಿ 12.75 ಲಕ್ಷ ರೂಪಾಯಿವರೆಗೆ ವೇತನವಿದ್ದು ಬೇರೆ ಆದಾಯವಿಲ್ಲದ ನೌಕರನಿಗೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇರಲಿಲ್ಲ. ಅಂಥವರಿಂದ ಬಾಡಿಗೆ ರಸೀದಿ ಸಂಗ್ರಹಿಸುವುದು ವ್ಯರ್ಥ ಶ್ರಮ.

ಅದಕ್ಕಿಂತ ಮೇಲಿನ ವೇತನದ ಒಂದು ಉದಾಹರಣೆ ನೋಡಬಹುದು. ಪೀಣ್ಯದ ಘಟಕವೊಂದರ ವ್ಯವಸ್ಥಾಪಕನಿಗೆ ಅದೇ ಸಾಲಿನಲ್ಲಿ 18 ಲಕ್ಷ ವೇತನ. ಅದರಲ್ಲಿ ಮೂಲ ವೇತನ 9 ಲಕ್ಷ, ಬಾಡಿಗೆ ಭತ್ಯೆ 3.6 ಲಕ್ಷ. ಆತನು ಜಾಲಹಳ್ಳಿಯಲ್ಲಿ ತಿಂಗಳಿಗೆ 35,000 ರೂಪಾಯಿ ಬಾಡಿಗೆಗಿದ್ದಾನೆ. ಸಾಲ ಮಾಡಿ ಕೊಂಡ ಫ್ಲ್ಯಾಟ್ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದು, ಅಲ್ಲಿ ತಂದೆ ತಾಯಿ ವಾಸವಾಗಿದ್ದಾರೆ. ಕೆಲಸದ ಸ್ಥಳ ದೂರವಿರುವುದರಿಂದ ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಘೋಷಿಸಲು ಅಡ್ಡಿಯಿಲ್ಲ. ವಾರ್ಷಿಕ ಬಾಡಿಗೆ 4.2 ಲಕ್ಷದಲ್ಲಿ ಮೂಲ ವೇತನದ ಶೇ. 10, ಅಂದರೆ 90,000 ಕಳೆದರೆ 3.3 ಲಕ್ಷ ವಿನಾಯಿತಿ. ಬಡ್ಡಿಗೆ ಗರಿಷ್ಠ 2 ಲಕ್ಷ, ಭವಿಷ್ಯ ನಿಧಿ ಮುಂತಾದ ಉಳಿತಾಯಕ್ಕೆ 1.5 ಲಕ್ಷ, ಪ್ರಮಾಣಿತ ಕಳೆತ 50,000. ಉಳಿದ 10.7 ಲಕ್ಷಕ್ಕೆ ಸೆಸ್ ಸೇರಿ 1,38,840 ರೂಪಾಯಿ ತೆರಿಗೆ. ಹೊಸ ಪದ್ಧತಿಯಲ್ಲಿ ಅದೇ ವೇತನಕ್ಕೆ 1,50,800. ಪತ್ರದಿಂದ ತಿಂಗಳಿಗೆ ಸುಮಾರು 1,000 ರೂಪಾಯಿ ಉಳಿತಾಯ. ಬಾಡಿಗೆ 30,000 ಮಾತ್ರ ಆಗಿದ್ದರೆ ಹಳೆಯ ಪದ್ಧತಿಯ ತೆರಿಗೆ 1,57,560ಕ್ಕೆ ಏರಿ, ಅದೇ ಪತ್ರದಿಂದ ನೌಕರನಿಗೆ ನಷ್ಟವಾಗುತ್ತಿತ್ತು.

ಹೆಚ್ಚಿನ ಅಪಾಯವಿರುವುದು ಪುರಾವೆಯಲ್ಲಿ. ಹೊರವಲಯದಲ್ಲಿ ಫ್ಲ್ಯಾಟ್ ಕಾದಿರಿಸಿದ ಅನೇಕರು ನಿರ್ಮಾಣ ಮುಗಿಯುವ ಮೊದಲೇ ಕಂತು ಕಟ್ಟುತ್ತಿರುತ್ತಾರೆ. ಆದರೆ ನಿರ್ಮಾಣ ಪೂರ್ಣಗೊಳ್ಳುವ ವರ್ಷದವರೆಗೆ ಆ ಬಡ್ಡಿಗೆ ಕಳೆತ ಸಿಗದು. ಹಿಂದಿನ ಬಡ್ಡಿಯನ್ನು ಆ ವರ್ಷದಿಂದ ಐದು ಸಮಭಾಗಗಳಲ್ಲಿ, ಅದೇ ಮಿತಿಯೊಳಗೆ ಪಡೆಯಬೇಕು. ಮೇಲಿನ ವ್ಯವಸ್ಥಾಪಕನ ಫ್ಲ್ಯಾಟ್ ಇನ್ನೂ ಪೂರ್ಣವಾಗಿಲ್ಲವೆಂದು ಜನವರಿಯಲ್ಲಿ ತಿಳಿದುಬಂದರೆ, ಹಳೆಯ ಪದ್ಧತಿಯ ತೆರಿಗೆ 2,01,240 ಆಗುತ್ತದೆ. ಹತ್ತು ತಿಂಗಳಲ್ಲಿ ಕಡಿತವಾದದ್ದು 1,15,700. ಬಾಕಿಗಾಗಿ ಫೆಬ್ರುವರಿ ಮತ್ತು ಮಾರ್ಚ್ ವೇತನದಿಂದ ತಲಾ 42,770 ರೂಪಾಯಿ ಕಡಿಯಬೇಕಾಗುತ್ತದೆ. ಗಡುವಿನೊಳಗೆ ರಿಟರ್ನ್ ಸಲ್ಲಿಸಿ ಹೊಸ ಪದ್ಧತಿಗೆ ಮರಳಿದರೆ ಹೆಚ್ಚುವರಿ ಹಣ ಹಿಂದಿರುಗುತ್ತದೆ ನಿಜ, ಆದರೆ ಆ ಎರಡು ತಿಂಗಳ ಸಂಸಾರ ಅದಕ್ಕಾಗಿ ಕಾಯುವುದಿಲ್ಲ.

ಪುರಾವೆಯಿಲ್ಲದೆ ಕಡಿಮೆ ಕಡಿತ ಮಾಡಿದ ಮಾಲೀಕನೂ ಬಾಧ್ಯತೆಯಿಂದ ಪಾರಾಗನು. ಕೊರತೆಯ ಮೇಲೆ ತಿಂಗಳಿಗೆ ಶೇ. 1 ಬಡ್ಡಿ ಆತನ ತಲೆಗೇ ಬರುತ್ತದೆ. ಪತ್ರ ನೌಕರನದಾದರೂ ಕಡಿತದ ಹೊಣೆ ಮಾಲೀಕನದು.

ಆದುದರಿಂದ ಏಪ್ರಿಲ್‌ನಲ್ಲಿ ಪತ್ರ ಸ್ವೀಕರಿಸುವ ಮುನ್ನ ಎರಡೂ ಪದ್ಧತಿಗಳ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ನೌಕರನ ಕೈಗಿಡುವುದು ಉಚಿತ. ಹಳೆಯದನ್ನು ಆರಿಸಿದವನಿಂದ ಅಂದೇ ಬಾಡಿಗೆ ಕರಾರು, ವರ್ಷದ ಬಾಡಿಗೆ 1 ಲಕ್ಷ ಮೀರಿದ್ದರೆ ಮನೆ ಮಾಲೀಕರ ಪಾನ್ ಸಂಖ್ಯೆ, ಅಸಲು ಮತ್ತು ಬಡ್ಡಿಯನ್ನು ಬೇರ್ಪಡಿಸಿದ ಬ್ಯಾಂಕಿನ ತಾತ್ಕಾಲಿಕ ಪ್ರಮಾಣಪತ್ರ ಹಾಗೂ ಮನೆ ಪೂರ್ಣಗೊಂಡ ದಾಖಲೆಯನ್ನು ಕೇಳಬೇಕು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಿದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದುದರಿಂದ, ಹಳೆಯ ಮುದ್ರಿತ ನಮೂನೆಗಳನ್ನು ಲೆಕ್ಕ ಪರಿಶೋಧಕರಿಗೆ ತೋರಿಸದೆ ಬಳಸಬಾರದು. ಫೆಬ್ರುವರಿಯಲ್ಲಿ ನಡೆಯುವ ಈ ಪರಿಶೀಲನೆಯನ್ನು ಏಪ್ರಿಲ್‌ಗೆ ತಂದರೆ ಕಾರ್ಖಾನೆಗೆ ಒಂದು ದಿನದ ಕೆಲಸ ಹೆಚ್ಚಬಹುದು. ವರ್ಷದ ಕೊನೆಯಲ್ಲಿ ವೇತನದ ಜಗಳ ಮಾತ್ರ ತಪ್ಪುತ್ತದೆ.