ಬ್ಲೌಸ್ ಇಲ್ಲ ಅನ್ನೋದನ್ನ ಮ್ಯಾಲೆ ಬರೀರಿ

ರಬಕವಿ-ಬನಹಟ್ಟಿಯ ಸೀರೆಗಳ ವಿವರ ನಮ್ಮ ವಾಟ್ಸಾಪ್‌ಗೆ ದಿನಾ ಬರುತ್ತದೆ. ಬಣ್ಣ, ಅಳತೆ, ದರ, ಒಗೆಯುವ ರೀತಿ, ಎಲ್ಲ ಒಂದೇ ಉಸಿರಿನಲ್ಲಿ.

ಸಂದೇಶ ಉದ್ದವಾದರೆ ವಾಟ್ಸಾಪ್ ಅದನ್ನು ಮಡಚಿ `Read more` ಎಂದು ತೋರಿಸುತ್ತದೆ. ಮುಧೋಳ, ಬೀಳಗಿಯ ಬಸ್ಸಿನಲ್ಲಿ ನಿಂತು ಓದುವವರು ಅದನ್ನು ಒತ್ತುತ್ತಾರೆಯೇ?

ನಮ್ಮ ಪರಿಚಯದ ನೇಕಾರರೊಬ್ಬರ ಸೀರೆ ಜಮಖಂಡಿಯಿಂದ ವಾಪಸ್ ಬಂತು. ‘ಬ್ಲೌಸ್ ಬಟ್ಟೆ ಇಲ್ಲ’ ಎಂಬ ಮಾತು ಆ ಮಡಿಕೆಯೊಳಗಿತ್ತು. ಕೊರಿಯರ್ ಖರ್ಚು ಅವರ ತಲೆಗೇ ಬಿತ್ತು. ಗಿರಾಕಿ ಓದಲಿಲ್ಲವೆಂದು ಅವರು ಬೈದರು. ತಪ್ಪು ಬರೆದವರದೇ ಎಂದೆವು ನಾವು.

ಅದನ್ನೇ ಹೀಗೆ ಬರೆದುಕೊಟ್ಟೆವು:

```
*ಹತ್ತಿ ಸೀರೆ, ಕೆಂಪು ಅಂಚು*
*ಬ್ಲೌಸ್ ಬಟ್ಟೆ ಇಲ್ಲ*

- ಉದ್ದ: 5.5 ಮೀಟರ್
- ದರ: 900 ರೂ.

ಮೊದಲ ಸಲ ಬೇರೆಯಾಗಿ ಒಗೆಯಿರಿ.
```

ನಕ್ಷತ್ರ ಚಿಹ್ನೆ ಅಕ್ಷರಕ್ಕೆ ಅಂಟಿರಬೇಕು. ನಡುವೆ ಜಾಗ ಬಿಟ್ಟರೆ ಅಕ್ಷರ ದಪ್ಪವಾಗದು, ನಕ್ಷತ್ರವಷ್ಟೇ ಉಳಿಯುತ್ತದೆ. ಪ್ರತಿ ಸಾಲಿಗೂ ಬೇರೆ ಜೋಡಿ ಬೇಕು. ವೆಬ್‌ಸೈಟಿಗೆ ಬರೆದ `<b>`, `<br>` ಇಲ್ಲಿ ನಡೆಯುವುದಿಲ್ಲ, ಗಿರಾಕಿಗೆ ಹಾಗೇ ಕಾಣುತ್ತವೆ. ಕೆಲವರು ಎಲ್ಲ ಸಾಲನ್ನೂ ದಪ್ಪ ಮಾಡುತ್ತಾರೆ. ಆಗ ಯಾವುದೂ ಕಣ್ಣಿಗೆ ಬೀಳದು.

‘ಇಷ್ಟ ಬರದ್ರ ಸೀರಿ ಹಗೂರ ಕಾಣ್ತದಲ್ರೀ’ ಅಂದರು ನೇಕಾರರು. ನೇಯ್ಗೆಯ ವರ್ಣನೆ ಬೇಕಾದರೆ ಕೆಳಗೆ ಹಾಕಿರಿ, ಬ್ಲೌಸಿನ ಮಾತು ಮಾತ್ರ ಮೇಲಿರಲಿ ಅಂದೆವು.