ಅರ್ಜಿಯೊಳಗ ಮರ್ಯಾದೆ ಎಷ್ಟಿರಬೇಕು?

ಸರ್ಕಾರಿ ಕಚೇರಿಗೆ ಒಂದು ಅರ್ಜಿ ಬರೀಬೇಕಂದ್ರ ನಮ್ಮ ಹೆಣ್ಮಕ್ಕಳು ಮೊದಲ ಕೈ ಮುಗೀತಾರ, ಆಮ್ಯಾಲ ಪೆನ್ನು ಹಿಡೀತಾರ. ಸಾಹೇಬ್ರಿಗೆ ಎಷ್ಟು ದೊಡ್ಡ ಮಾತು ಬರದ್ರ ಅಷ್ಟು ಲಗೂನ ಕೆಲಸ ಆಗ್ತದ ಅನ್ನೋ ನಂಬಿಕಿ. ನಾ ಇದನ್ನ ಒಪ್ಪಂಗಿಲ್ಲ. ಅರ್ಜಿಯೊಳಗ ಮರ್ಯಾದೆ ಬೇಕ ಬೇಕು, ಆದರ ಅದಕ್ಕ ಮೂರು ಜಾಗಾ ಅವ: ಸಂಬೋಧನೆ, ಕೋರಿಕೆ, ಮುಕ್ತಾಯ. ಒಂದೊಂದು ಜಾಗಾದಾಗ ಒಂದೊಂದು ಸಲ ಸಾಕು. ಉಳಿದ ಹಾಳಿ ಎಲ್ಲಾ ನಮ್ಮ ಸಂಗತಿಗೆ ಬೇಕು.

ಬರೇ ಮಾತಿನಾಗ ಹೇಳಿದ್ರ ತಿಳಿಯಂಗಿಲ್ಲ, ಅದಕ್ಕ ಒಂದು ಅರ್ಜಿ ಮುಂದಿಟ್ಕೊಂಡು ನೋಡೋಣ. ನಮ್ಮ ಓಣಿಯೊಳಗ ಒಬ್ಬಾಕಿಗೆ ವಿಧವಾ ವೇತನ ಬರ್ತಿತ್ತು. ಏಪ್ರಿಲ್‌ದಿಂದ ನಿಂತುಬಿಡ್ತು. ನಾಲ್ಕು ತಿಂಗಳು ಬ್ಯಾಂಕಿಗೆ ಅಡ್ಡಾಡಿದ್ಲು. ಕಡೀಕ ಕಚೇರಿ ಹೊರಗ ಕೂತು ಅರ್ಜಿ ಬರಕೊಡೋವ್ರ ಕಡೆ ರೊಕ್ಕ ಕೊಟ್ಟು ಒಂದು ಅರ್ಜಿ ಬರಸಿ, "ವೈನಿ, ಕೊಡೋಕ್ಕಿಂತ ಮೊದಲ ಒಂದ್ಸಲ ಓದ್ರಿ" ಅಂತ ನನ್ನ ಕೈಯಾಗ ಕೊಟ್ಲು. ನಮ್ಮ ಮಾವನೋರು ಕಚೇರಿಯೊಳಗ ಗುಮಾಸ್ತರಾಗಿದ್ದವರು, ಅವರ ಕಡಿಂದ ನಾ ಈ ಪತ್ರದ ರೀತಿ ಕಲ್ತಾಕಿ. ಅದು ಓಣಿಗೆಲ್ಲಾ ಗೊತ್ತದ.

ಅರ್ಜಿ ಹಿಂಗಿತ್ತು:

"ಗೆ, ಘನವೆತ್ತ ಸನ್ಮಾನ್ಯ ಶ್ರೀ ತಹಶೀಲ್ದಾರ್ ಸಾಹೇಬರು ರವರ ಪಾದಾರವಿಂದಗಳಿಗೆ ಇವರಿಗೆ, ಬಡ ವಿಧವೆಯ ಸಾಷ್ಟಾಂಗ ನಮಸ್ಕಾರಗಳು. ಸ್ವಾಮಿ, ತಾವು ಬಡವರ ಪಾಲಿನ ದೇವರು ಇದ್ದೀರಿ. ನನಗೆ ಯಾರೂ ದಿಕ್ಕಿಲ್ಲ. ನೀವು ದೊಡ್ಡ ಮನಸ್ಸು ಮಾಡಿ ನನ್ನ ಕಡೆ ನೋಡಬೇಕು. ತಲಾಟಿಯವರು ತಮ್ಮ ವರದಿ ಪ್ರಕಾರ ಪಗಾರ ನಿಂತಿದೆ ಎಂದು ಹೇಳುತ್ತಾರೆ. ನಿಮ್ಮ ಮಕ್ಕಳು ಮರಿ ಚೆನ್ನಾಗಿರಲಿ. ಇಂತಿ ತಮ್ಮ ಪಾದಸೇವಕಿ, ಶ್ರೀಮತಿ..."

ಇದ್ರಾಗ ಯಾವ ವೇತನ, ಎಂದಿನಿಂದ ನಿಂತದ, ಆದೇಶದ ನಂಬರ್ ಏನು, ಒಂದೂ ಇಲ್ಲ. ವಿಷಯ ಅಂತ ಒಂದು ಸಾಲೂ ಇಲ್ಲ. ಕಚೇರಿಯೊಳಗ ನಮ್ಮ ಅರ್ಜಿ ಮೊದಲ ಹೋಗೋದು ಟಪಾಲು ತಗೊಳೋವ್ರ ಕಡೆ. ಅವರು 'ವಿಷಯ' ಸಾಲು ನೋಡಿ ಯಾವ ಗುಮಾಸ್ತರ ಮೇಜಿಗೆ ಕಳಸಬೇಕು ಅಂತ ಗುರ್ತು ಹಾಕ್ತಾರ. ಆ ಗುಮಾಸ್ತರು 'ಉಲ್ಲೇಖ' ಸಾಲಿನ ನಂಬರ್ ಹಿಡದು ಹಳೇ ಕಡತ ಹುಡುಕ್ತಾರ. ಪಾದಾರವಿಂದ ಅನ್ನೋ ಹೆಸರಿನ ಕಡತ ಯಾವ ಕಪಾಟದಾಗೂ ಇರಂಗಿಲ್ಲ.

ಮೊದಲ ಸಂಬೋಧನೆ ನೋಡೋಣ. 'ಘನವೆತ್ತ' ಅನ್ನೋದು ರಾಜ್ಯಪಾಲರು, ರಾಷ್ಟ್ರಪತಿಗಳಂಥವರಿಗೆ ಬರಿಯೋ ಮಾತು. 'ಸನ್ಮಾನ್ಯ' ಅಂತ ಮುಖ್ಯಮಂತ್ರಿಗಳಿಗೆ, ಮಂತ್ರಿಗಳಿಗೆ ಬರೀತಾರ. ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗಳಿಗೆ 'ಮಾನ್ಯ' ಅಂದ್ರ ಪೂರಾ ಮರ್ಯಾದೆ ಆತು. ಎರಡು ಮೂರು ಕೂಡಿಸಿ ಬರದ್ರ ಮರ್ಯಾದೆ ಹೆಚ್ಚಾಗಂಗಿಲ್ಲ. ಬರದವರಿಗೆ ಯಾವುದು ಯಾರಿಗೆ ಅಂತ ಗೊತ್ತಿಲ್ಲ ಅನ್ನೋದಷ್ಟ ಗೊತ್ತಾಗ್ತದ.

'ಗೆ' ಅಂತ ಮ್ಯಾಲ ಬರದು, ವಿಳಾಸದ ಕೆಳಗ ಮತ್ತ 'ಇವರಿಗೆ' ಅಂತ ಬರಿಯೋದು ಭಾಳ ಕಡೆ ನೋಡ್ತೀನಿ. ಎರಡೂ ಒಂದ ಕೆಲಸ ಮಾಡ್ತಾವ, ಒಂದು ಇದ್ರ ಸಾಕು. 'ರವರು' ಅನ್ನೋದೂ ಹಂಗ. 'ತಹಶೀಲ್ದಾರರು' ಮತ್ತ 'ಅವರು' ಕೂಡಿದ್ರ 'ತಹಶೀಲ್ದಾರರವರು' ಆಗ್ತದ, ಅಲ್ಲಿ 'ರ' ಅನ್ನೋದು ಮೊದಲಿನ ಶಬ್ದದ್ದು. ಅದನ್ನ ಹರಕೊಂಡು ಬಂದು ಎಲ್ಲಾರ ಹೆಸರಿನ ಮುಂದ 'ರವರು' ಅಂತ ಬ್ಯಾರೆ ಬರಿಯೋದು ರೂಢಿ ಆಗ್ಯದ. ಹೆಸರಿನ ಮುಂದ 'ಅವರು' ಅಂತ ಬರೀರಿ. ಹುದ್ದೆ ಆದರ 'ತಹಶೀಲ್ದಾರರು' ಅಂದ್ರ ಅದರಾಗ ಗೌರವ ಬಂದೇಬಿಡ್ತದ.

ಇನ್ನೊಂದು ಸಂಗತಿ ಅರ್ಜಿ ಬರದವರಿಗೆ ಹೊಳದಿರಲಿಲ್ಲ. ನಮ್ಮ ತಾಲೂಕಿನ ತಹಶೀಲ್ದಾರರು ಆವಾಗ ಹೆಣ್ಮಗಳು! 'ಶ್ರೀ', 'ಸಾಹೇಬರು', 'ಸ್ವಾಮಿ' ಎಲ್ಲಾ ಗಂಡಸರ ಮಾತು. ಕನ್ನಡದಾಗ 'ಮಾನ್ಯರೇ' ಅಂದ್ರ ಹೆಣ್ಣಿಗೂ ಆತು, ಗಂಡಿಗೂ ಆತು. ಕುರ್ಚಿ ಮ್ಯಾಲ ಯಾರು ಕೂತಾರ ಅಂತ ವಿಚಾರಿಸೋ ಜರೂರಿಲ್ಲ. ನಾವು ಬರಿಯೋದು ಹುದ್ದೆಗೆ, ನಾಳೆ ಅವರ ಬದಲಿ ಆದ್ರೂ ಅರ್ಜಿ ನಡೀಬೇಕು. ಅದಕ್ಕ ಅಧಿಕಾರಿ ಹೆಸರು ಹಾಕದಿರೋದ ಚಲೋ.

ಎರಡನೇದು ನಡುವಿನ ಗೌರವದ ಮಾತು. ಆ ಅರ್ಜಿಯೊಳಗ ಒಂದು ಸಾಲಿನಾಗ 'ತಾವು', ಮುಂದಿನ ಸಾಲಿನಾಗ 'ನೀವು', ಆಮ್ಯಾಲ 'ನಿಮ್ಮ'. ಯಾವುದರೆ ಒಂದು ಹಿಡಕೊಂಡು ಕಡೀತನಕ ನಡಸಬೇಕು. ಕಚೇರಿ ಪತ್ರಕ್ಕ 'ತಾವು' ರೂಢಿ.

ಆದರ 'ತಮ್ಮ' ಅನ್ನೋದರಾಗ ಒಂದು ಗುಂಡಿ ಅದ. "ತಲಾಟಿಯವರು ತಮ್ಮ ವರದಿ ಪ್ರಕಾರ" ಅಂದ್ರ ಯಾರ ವರದಿ? ತಲಾಟಿಯವರು ಸ್ವತಃ ಬರದದ್ದೋ, ತಹಶೀಲ್ದಾರರು ಬರದದ್ದೋ? ಕನ್ನಡದಾಗ 'ತಮ್ಮ' ಅನ್ನೋದು ಎರಡೂ ಕಡೆ ಹೋಗ್ತದ. ಆಕಿನ್ನ ಕೇಳಿದ್ರ, "ತಲಾಟಿಯವರ ತಾವ ಬರದು ಕಳಸೇನಿ ಅಂದ್ರು" ಅಂದ್ಲು. ಓದೋವ್ರು ಮತ್ತೊಂದು ತಿಳಕೊಂಡ್ರ ಅರ್ಜಿ ತಪ್ಪು ಮೇಜಿಗೆ ಹೋಗಿ ಕೂಡ್ತದ. ಅದಕ್ಕ ಮೂರನೇಯವರ ಮಾತು ಬಂದಲ್ಲಿ 'ತಮ್ಮ' ಬಿಟ್ಟು ಹುದ್ದೆ ಹೆಸರ ಬರೀಬೇಕು: "ಗ್ರಾಮ ಆಡಳಿತ ಅಧಿಕಾರಿಗಳ ವರದಿ". ತಲಾಟಿಯವರ ಹುದ್ದೆಗೆ ಈಗ ಅದ ಹೆಸರು.

ಹಂಗ ನಮಗ ನಾವ ಮರ್ಯಾದೆ ಕೊಟ್ಕೊಳ್ಳೋದು ಬ್ಯಾಡ. ಸಹಿ ಕೆಳಗ 'ಶ್ರೀಮತಿ' ಹಾಕಬಾರದು. ಹೆಸರು ಆಧಾರ್ ಕಾರ್ಡಿನಾಗ, ಮಂಜೂರಿ ಆದೇಶದಾಗ ಹೆಂಗ ಅದನೋ ಹಂಗ ಇರಬೇಕು. ಎರಡೂ ಕಡೆ ಬ್ಯಾರೆ ಬ್ಯಾರೆ ಇದ್ರ ಅದನ್ನೂ ಒಂದು ಸಾಲಿನಾಗ ಬರೀಬೇಕು, ಯಾಕಂದ್ರ ಭಾಳ ಸಲ ರೊಕ್ಕ ನಿಲ್ಲೋದು ಅಲ್ಲೇ.

ಮೂರನೇದು ಮುಕ್ತಾಯ. 'ಪಾದಸೇವಕಿ', 'ಆಜ್ಞಾಧಾರಕ' ಇವೆಲ್ಲಾ ದೊರೆಗಳ ಕಾಲದ ಮಾತು. 'ವಿಧೇಯ' ಅನ್ನೋದು ವಿದ್ಯಾರ್ಥಿ ಹೆಡ್‌ಮಾಸ್ತರರಿಗೆ, ಕೈಕೆಳಗಿನ ನೌಕರರು ಮೇಲಧಿಕಾರಿಗೆ ಬರಿಯೋದು. ನಾವು ಕಚೇರಿಯ ನೌಕರರಲ್ಲ, ನಾಗರಿಕರು. 'ತಮ್ಮ ವಿಶ್ವಾಸಿ' ಅಂದ್ರ ಸಾಕು, ಅದಕ್ಕೂ ಹೆಣ್ಣು ಗಂಡು ಭೇದ ಇಲ್ಲ. ಸಹಿ ಬರದಿದ್ರ ಹೆಬ್ಬೆಟ್ಟು ಒತ್ತಿ, ಬಾಜೂಕ ಅದು ಯಾರ ಗುರ್ತು ಅಂತ ಬರದು, ಅರ್ಜಿ ಬರದವರೂ ಕೆಳಗ ಸಹಿ ಮಾಡಬೇಕು.

ಇಬ್ಬರೂ ಕೂತು ತಿದ್ದಿದ ಮ್ಯಾಲ ಅರ್ಜಿ ಹಿಂಗ ಆತು:

ಇಂದ:
(ಅರ್ಜಿದಾರರ ಹೆಸರು)
ಗಂಡ: ದಿವಂಗತ (ಹೆಸರು)
(ವಿಳಾಸ, ಮೊಬೈಲ್ ಸಂಖ್ಯೆ)

ಇವರಿಗೆ:
ಮಾನ್ಯ ತಹಶೀಲ್ದಾರರು,
ತಾಲೂಕು ಕಚೇರಿ, (ಊರು)

ಮಾನ್ಯರೇ,

ವಿಷಯ: ಏಪ್ರಿಲ್ ತಿಂಗಳಿನಿಂದ ನಿಂತಿರುವ ವಿಧವಾ ವೇತನವನ್ನು ಮರಳಿ ಆರಂಭಿಸುವ ಬಗ್ಗೆ.
ಉಲ್ಲೇಖ: ವೇತನ ಮಂಜೂರಾತಿ ಆದೇಶ ಸಂಖ್ಯೆ (....), ದಿನಾಂಕ (....)

ಉಲ್ಲೇಖದ ಆದೇಶದಂತೆ ನನಗೆ ವಿಧವಾ ವೇತನ ಮಂಜೂರಾಗಿದ್ದು, ಮಾರ್ಚ್ ತಿಂಗಳವರೆಗೆ ನನ್ನ ಬ್ಯಾಂಕ್ ಖಾತೆಗೆ ಜಮಾ ಆಗುತ್ತಿತ್ತು. ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳ ವೇತನ ಜಮಾ ಆಗಿಲ್ಲ. ಗ್ರಾಮ ಆಡಳಿತ ಅಧಿಕಾರಿಗಳ ವರದಿಯಿಂದ ವೇತನ ನಿಂತಿದೆ ಎಂದು ಬಾಯಿಮಾತಿನಲ್ಲಿ ತಿಳಿದುಬಂದಿದೆ. ಈ ಬಗ್ಗೆ ನನಗೆ ಯಾವುದೇ ಪತ್ರ ಬಂದಿಲ್ಲ.

ಆದ್ದರಿಂದ ವೇತನ ನಿಂತಿರುವ ಕಾರಣವನ್ನು ನನಗೆ ಲಿಖಿತವಾಗಿ ತಿಳಿಸಬೇಕೆಂದೂ, ಬಾಕಿ ನಾಲ್ಕು ತಿಂಗಳ ವೇತನದೊಂದಿಗೆ ಮರಳಿ ಆರಂಭಿಸಬೇಕೆಂದೂ ತಮ್ಮಲ್ಲಿ ಕೋರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ ಮತ್ತು ಹೆಸರು)

ಸ್ಥಳ:
ದಿನಾಂಕ:
ಲಗತ್ತು: ಮಂಜೂರಾತಿ ಆದೇಶ, ಆಧಾರ್ ಕಾರ್ಡು ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ನಕಲು

'ಕೋರುತ್ತೇನೆ' ಅನ್ನೋ ಶಬ್ದ ನಾ ಬೇಕಂತ ಇಟ್ಟದ್ದು. "ಕೂಡಲೇ ಜಮಾ ಮಾಡಿರಿ" ಅಂದ್ರ ಅಪ್ಪಣೆ ಆಗ್ತದ, "ಕಾಪಾಡಬೇಕು ತಾಯಿ" ಅಂದ್ರ ಭಿಕ್ಷೆ ಆಗ್ತದ. 'ಕೋರುತ್ತೇನೆ' ಎರಡರ ನಡುವ ನೆಟ್ಟಗ ನಿಲ್ತದ. ಮಂಜೂರಿ ಆದೇಶ ನಮ್ಮ ಕೈಯಾಗ ಇದ್ದಾಗ ನಾವು ದಯೆ ಬೇಡಾಕತ್ತಿಲ್ಲ, ಬರಬೇಕಾದ್ದನ್ನ ಕೇಳಾಕತ್ತೀವಿ.

ಅರ್ಜಿ ಓದಿ ಆಕಿ ಸಪ್ಪಗಾದ್ಲು. "ಇದ್ರಾಗ ನನ್ನ ಕಷ್ಟನ ಬರಲಿಲ್ಲಲ್ಲ ವೈನಿ? ಓದಿದವರ ಕರುಳು ಚುರ್ ಅನ್ನಬೇಕಲ್ಲ" ಅಂದ್ಲು. ಆ ಮಾತು ನಾ ತಳ್ಳಿಹಾಕಂಗಿಲ್ಲ. ಕರುಳಿರೋ ಅಧಿಕಾರಿಗಳೂ ಇರ್ತಾರ. ಆದರ ಕರುಳು ಚುರ್ ಅಂದ ಮ್ಯಾಲೂ ಅವರಿಗೆ ಆದೇಶದ ನಂಬರ್ ಬೇಕ ಬೇಕು. ನಾಲ್ಕು ತಿಂಗಳು ಜಮಾ ಇಲ್ಲ ಅನ್ನೋ ಸಾಲಿಗಿಂತ ದೊಡ್ಡ ಕಷ್ಟ ಯಾವುದದ? ಇನ್ನೂ ಹೇಳಬೇಕನಿಸಿದ್ರ "ಈ ವೇತನವೇ ನನ್ನ ಜೀವನಕ್ಕೆ ಆಧಾರವಾಗಿದೆ" ಅಂತ ಒಂದು ಸಾಲು ಕೂಡಸ್ರಿ ಅಂದೆ. ಕೂಡಿಸಿದ್ವಿ. ಅದು ಖರೇ ಸಂಗತಿ, ಹೊಗಳಿಕಿ ಅಲ್ಲ.

ಅರ್ಜಿ ಕೊಡೋವಾಗ ಎರಡು ಪ್ರತಿ ಒಯ್ದ್ಲು. ಒಂದು ಕೊಟ್ಟು, ಇನ್ನೊಂದರ ಮ್ಯಾಲ ಕಚೇರಿ ಶಿಕ್ಕಾ, ತಾರೀಖು, ಟಪಾಲು ನಂಬರ್ ಹಾಕಿಸ್ಕೊಂಡು ಬಂದ್ಲು. ಮುಂದಿನ ಸಲ ಹೋದಾಗ ಆ ನಂಬರ್ ತೋರಿಸಿದ್ಲು, ಕಡತ ಸಿಕ್ತು. ಗ್ರಾಮ ಆಡಳಿತ ಅಧಿಕಾರಿಗಳ ವರದಿಯೊಳಗ ಆಕಿ ಮನಿಯೊಳಗ ಇಲ್ಲ ಅಂತ ಬರದಿತ್ತಂತ. ಆವಾಗ ಆಕಿ ಬಾಣಂತನಕ್ಕ ಮಗಳ ಊರಿಗೆ ಹೋಗಿದ್ಲು. ಮತ್ತ ಪರಿಶೀಲನೆ ಆಗಬೇಕಾತು, ಅದಕ್ಕ ಅದರದ್ದ ಟೈಮ್ ಹಿಡೀತು. ಅರ್ಜಿ ಚಲೋ ಬರದ್ರ ನಾಳೆನ ರೊಕ್ಕ ಬರ್ತದ ಅಂತ ನಾ ಹೇಳಂಗಿಲ್ಲ. ಆದರ ನಾಲ್ಕು ತಿಂಗಳು ಬ್ಯಾಂಕಿಗೆ ಅಡ್ಡಾಡಿದ್ರೂ ಗೊತ್ತಾಗದ ಕಾರಣ ಗೊತ್ತಾತು. ಕಾರಣ ಗೊತ್ತಾದ್ರ ಮುಂದ ಏನು ಮಾಡಬೇಕು ಅನ್ನೋದು ನಮ್ಮ ಕೈಯಾಗ ಬರ್ತದ.

ನಿಮ್ಮ ಮನಿಯೊಳಗ ಯಾವುದರೆ ಅರ್ಜಿ ತಯಾರಾಗಿದ್ರ ಒಂದು ಕೆಲಸ ಮಾಡ್ರಿ. ಪೆನ್ಸಿಲ್ ತಗೊಂಡು ಮರ್ಯಾದೆ ಮಾತಿಗೆಲ್ಲಾ ಗೆರಿ ಎಳೀರಿ. ಮೂರಕ್ಕಿಂತ ಹೆಚ್ಚು ಗೆರಿ ಬಿದ್ರ ಹೆಚ್ಚಿನವು ಹೊಡದುಹಾಕ್ರಿ. ಉಳಿದ ಜಾಗಾದಾಗ ತಾರೀಖು, ನಂಬರ್, ತಿಂಗಳ ಲೆಕ್ಕ ಬರೀರಿ.